ಗೇಜ್ ಒಂದನ್ನೇ ನಂಬಿ ಗ್ಯಾಸ್ ಹಾಕಬೇಡಿ: ಸ್ಪ್ಲಿಟ್ ಎಸಿಯಲ್ಲಿ ಸೂಪರ್‌ಹೀಟ್ ಮತ್ತು ಸಬ್‌ಕೂಲಿಂಗ್ ಅಳೆಯುವುದು ಹೇಗೆ

ಏಪ್ರಿಲ್ ಬಂತೆಂದರೆ ದಾವಣಗೆರೆಯಲ್ಲಿ ಎಸಿ ಕೆಲಸದವರ ಫೋನು ಸುಮ್ಮನಿರುವುದಿಲ್ಲ. ದೂರು ಒಂದೇ, "ಕೂಲಿಂಗ್ ಕಮ್ಮಿ ಆಗೇತ್ರಿ". ಅದರ ಹಿಂದೆಯೇ ಗಿರಾಕಿಯ ತೀರ್ಪೂ ಬರುತ್ತದೆ, "ಗ್ಯಾಸ್ ಕಮ್ಮಿ ಆಗಿರ್ಬೇಕು, ಸ್ವಲ್ಪ ಹಾಕಿಬಿಡ್ರಿ". ಹುಡುಗ ಹೋಗುತ್ತಾನೆ, ಗೇಜ್ ಹಾಕುತ್ತಾನೆ. ಆರ್32 ಮೆಷಿನ್‌ನಲ್ಲಿ 105 ಪಿಎಸ್‌ಐ ಕಾಣುತ್ತದೆ. ಕಲಿಸಿದವರು 130 ಇರಬೇಕು ಅಂತ ಹೇಳಿರುತ್ತಾರೆ. ಮುಳ್ಳು 130ಕ್ಕೆ ಬರುವ ತನಕ ಸಿಲಿಂಡರ್ ತೆರೆಯುತ್ತಾನೆ. ಕೆಲಸ ಮುಗಿಯಿತು.

ತೊಂದರೆ ಏನೆಂದರೆ, ಗ್ಯಾಸ್ ಕಮ್ಮಿ ಇದ್ದರೂ ಪ್ರೆಶರ್ ಇಳಿಯುತ್ತದೆ, ಇನ್‌ಡೋರ್ ಬ್ಲೋವರ್‌ನಲ್ಲಿ ಧೂಳು ಕಟ್ಟಿದ್ದರೂ ಇಳಿಯುತ್ತದೆ. ಗೇಜಿನ ಮುಳ್ಳಿಗೆ ಈ ಎರಡರ ವ್ಯತ್ಯಾಸ ಗೊತ್ತಿಲ್ಲ. ಅದನ್ನು ಹೇಳುವುದು ಪೈಪಿನ ಉಷ್ಣಾಂಶ. ಪ್ರೆಶರ್ ಜೊತೆ ಪೈಪಿನ ಡಿಗ್ರಿಯನ್ನೂ ಇಟ್ಟು ನೋಡಿದರೆ ಸಿಗುವ ಲೆಕ್ಕವೇ ಸೂಪರ್‌ಹೀಟ್ ಮತ್ತು ಸಬ್‌ಕೂಲಿಂಗ್. ನೂರಿನ್ನೂರು ರೂಪಾಯಿ ಆಚೀಚೆಯ ಥರ್ಮಾಮೀಟರ್ ಸಾಲದು, ಪೈಪಿಗೆ ಕಚ್ಚುವ ಒಳ್ಳೆಯ ಕ್ಲಾಂಪ್ ಪ್ರೋಬ್ ಒಂದು ಬೇಕು. ಅದು ಬಿಟ್ಟರೆ ಹೆಚ್ಚಿನ ಖರ್ಚಿಲ್ಲ.

ಈ ಎರಡು ಅಂಕಿಗಳು ಏನು

ಒಲೆಯ ಮೇಲಿಟ್ಟ ನೀರು ಕುದಿಯುತ್ತಿರುವಾಗ ಎಷ್ಟೇ ಉರಿ ಹಾಕಿದರೂ ಅದರ ಬಿಸಿ ಏರುವುದಿಲ್ಲ. ನೀರು ಆವಿಯಾಗುತ್ತಾ ಹೋಗುತ್ತದೆ, ಅಷ್ಟೇ. ಇನ್‌ಡೋರ್ ಕಾಯಿಲ್‌ನೊಳಗೂ ಇದೇ ನಡೆಯುತ್ತದೆ. ಒಳಗಿನ ದ್ರವ ರೂಪದ ಗ್ಯಾಸು ರೂಮಿನ ಬಿಸಿ ಕುಡಿದು ಕುದಿಯುತ್ತದೆ. ಕುದಿಯುವಾಗ ಅದರ ಉಷ್ಣಾಂಶ ಒಂದೇ ಕಡೆ ನಿಂತಿರುತ್ತದೆ. ಯಾವ ಡಿಗ್ರಿಯಲ್ಲಿ ಕುದಿಯುತ್ತದೆ ಎನ್ನುವುದನ್ನು ಪ್ರೆಶರ್ ತೀರ್ಮಾನಿಸುತ್ತದೆ. ಆರ್32 ಆದರೆ 103 ಪಿಎಸ್‌ಐಯಲ್ಲಿ 0 ಡಿಗ್ರಿ, 123ರಲ್ಲಿ 5 ಡಿಗ್ರಿ, 146ರಲ್ಲಿ 10 ಡಿಗ್ರಿ. ಈ ಲೆಕ್ಕ ಗೇಜಿನ ಮುಖದ ಮೇಲೆಯೇ ಆಯಾ ಗ್ಯಾಸಿನ ವರ್ತುಲದಲ್ಲಿ ಅಚ್ಚಾಗಿರುತ್ತದೆ. ನಿಮ್ಮ ಗೇಜಿನಲ್ಲಿ ಆರ್32 ವರ್ತುಲ ಇಲ್ಲದಿದ್ದರೆ ಫೋನಿನ ಚಾರ್ಟ್ ನೋಡಿ. ಆರ್22ರ ವರ್ತುಲದಲ್ಲಿ ಆರ್32 ಓದಿದರೆ ಲೆಕ್ಕವೆಲ್ಲ ಹಾಳು.

ಕಾಯಿಲ್‌ನ ಕೊನೆಗೆ ಬರುವ ಹೊತ್ತಿಗೆ ದ್ರವವೆಲ್ಲ ಮುಗಿದು ಬರೀ ಆವಿ ಉಳಿಯುತ್ತದೆ. ಈಗ ಆವಿ ಬಿಸಿಯಾಗತೊಡಗುತ್ತದೆ. ಕುದಿಯುವ ಡಿಗ್ರಿಗಿಂತ ಅದು ಎಷ್ಟು ಮೇಲೇರಿದೆಯೋ ಅದು ಸೂಪರ್‌ಹೀಟ್. ಗ್ಯಾಸ್ ಕಮ್ಮಿ ಇದ್ದರೆ ಅರ್ಧ ಕಾಯಿಲ್‌ನಲ್ಲೇ ದ್ರವ ಮುಗಿದುಹೋಗುತ್ತದೆ, ಆವಿ ಬಹಳ ದೂರ ಬಿಸಿಯಾಗುತ್ತಾ ಬರುತ್ತದೆ, ಸೂಪರ್‌ಹೀಟ್ ಜಾಸ್ತಿ ಕಾಣುತ್ತದೆ. ಗ್ಯಾಸ್ ಜಾಸ್ತಿ ಇದ್ದರೆ ಅಥವಾ ರೂಮಿನ ಬಿಸಿ ಕಾಯಿಲ್‌ಗೆ ತಲುಪದಿದ್ದರೆ, ಕಾಯಿಲ್ ಮುಗಿದರೂ ದ್ರವ ಉಳಿದಿರುತ್ತದೆ. ಆಗ ಸೂಪರ್‌ಹೀಟ್ ಸೊನ್ನೆಯ ಹತ್ತಿರ ಬರುತ್ತದೆ. ಆ ದ್ರವ ಕಂಪ್ರೆಸರ್‌ಗೆ ನುಗ್ಗಿ ಆಯಿಲನ್ನು ತೆಳ್ಳಗೆ ಮಾಡುತ್ತದೆ. ಕಂಪ್ರೆಸರ್ ಜಾಮ್ ಆಗುವುದು ಹೀಗೇ.

ಸಬ್‌ಕೂಲಿಂಗ್ ಇದಕ್ಕೆ ಉಲ್ಟಾ. ಔಟ್‌ಡೋರ್ ಕಂಡೆನ್ಸರ್‌ನಲ್ಲಿ ಆವಿ ತಣಿದು ದ್ರವವಾಗುತ್ತದೆ. ಪೂರ್ತಿ ದ್ರವವಾದ ಮೇಲೆ ಇನ್ನೂ ಎಷ್ಟು ಡಿಗ್ರಿ ತಣ್ಣಗಾಯಿತು ಎನ್ನುವುದೇ ಸಬ್‌ಕೂಲಿಂಗ್. ಕಂಡೆನ್ಸರ್‌ನಲ್ಲಿ ದ್ರವ ಹೆಚ್ಚು ನಿಂತಿದ್ದರೆ ಈ ಅಂಕಿ ಹೆಚ್ಚು. ಗ್ಯಾಸ್ ಕಮ್ಮಿಯಾಗಿದ್ದರೆ ನಿಲ್ಲಲು ದ್ರವವೇ ಇಲ್ಲ, ಅಂಕಿ ಸೊನ್ನೆಯ ಕಡೆ ಇಳಿಯುತ್ತದೆ.

ಯಾವ ಮೆಷಿನ್‌ಗೆ ಯಾವ ಅಂಕಿ

ಹೊರಗಿನ ದೇಶದ ವಿಡಿಯೋ ನೋಡಿ ಕಲಿತವರು ಎಡವುವುದು ಇಲ್ಲೇ. ಅಲ್ಲಿ ತೋರಿಸುವ ಮೆಷಿನ್‌ನಲ್ಲಿ ಸಣ್ಣ ಪೈಪು ಬೆಚ್ಚಗಿರುತ್ತದೆ. ಅದಕ್ಕೆ ಪ್ರೋಬ್ ಕಚ್ಚಿಸಿ ಸಬ್‌ಕೂಲಿಂಗ್ ಓದುತ್ತಾರೆ. ನಮ್ಮ ಮನೆಗಳ ಗೋಡೆ ಮೇಲಿನ ಸ್ಪ್ಲಿಟ್‌ನಲ್ಲಿ ಸಣ್ಣ ಪೈಪನ್ನು ಮುಟ್ಟಿ ನೋಡಿ, ತಣ್ಣಗಿರುತ್ತದೆ. ಕಾರಣ ಇಷ್ಟೇ: ಇವುಗಳಲ್ಲಿ ಕ್ಯಾಪಿಲರಿ ಎಂಬ ಸಣ್ಣ ತೂತಿನ ನಳಿಗೆ ಔಟ್‌ಡೋರ್ ಪೆಟ್ಟಿಗೆಯೊಳಗೇ ಇರುತ್ತದೆ. ಗ್ಯಾಸು ಅಲ್ಲೇ ಪ್ರೆಶರ್ ಕಳೆದುಕೊಂಡು, ಅರ್ಧ ದ್ರವ ಅರ್ಧ ಆವಿಯಾಗಿ ಸಣ್ಣ ಪೈಪಿನಲ್ಲಿ ಒಳಗೆ ಹೋಗುತ್ತದೆ. ಆ ಪೈಪಿನಲ್ಲಿ ಸಬ್‌ಕೂಲಿಂಗ್ ಅನ್ನೋದೇ ಇಲ್ಲ. ಅಲ್ಲಿ ಅಳೆದು ಬಂದ ಅಂಕಿಗೆ ಅರ್ಥವೂ ಇಲ್ಲ.

ಹಾಗಾಗಿ ಮೊದಲು ಸಣ್ಣ ಪೈಪು ಮುಟ್ಟಿ. ತಣ್ಣಗಿದ್ದು, ಮೆಷಿನ್ ನಾನ್‌ಇನ್ವರ್ಟರ್ ಆಗಿದ್ದರೆ ಸೂಪರ್‌ಹೀಟ್ ನೋಡಿ. ಬೆಚ್ಚಗಿದ್ದರೆ ಪ್ರೆಶರ್ ಇಳಿಸುವ ಎಕ್ಸ್‌ಪಾನ್ಷನ್ ವಾಲ್ವ್ ಇನ್‌ಡೋರ್‌ನಲ್ಲಿದೆ ಎಂದರ್ಥ. ಅಂಗಡಿ, ಕಲ್ಯಾಣ ಮಂಟಪಗಳ ಡಕ್ಟೆಡ್ ಮೆಷಿನ್‌ಗಳು ಹೆಚ್ಚಾಗಿ ಹೀಗಿರುತ್ತವೆ. ಅಲ್ಲಿ ಸಬ್‌ಕೂಲಿಂಗ್ ನೋಡಬೇಕು. ಇನ್ವರ್ಟರ್ ಆದರೆ ಎರಡನ್ನೂ ಅಷ್ಟಾಗಿ ನಂಬುವಂತಿಲ್ಲ, ಅದರ ವಿಷಯ ಕೊನೆಯಲ್ಲಿ ಹೇಳುತ್ತೇನೆ.

ಗೇಜ್ ಹಾಕುವ ಮುಂಚೆ

ಫಿಲ್ಟರ್ ತೆಗೆದು ನೋಡಿ. ಫಿಲ್ಟರ್ ಚೊಕ್ಕ ಇದೆ ಅಂತ ಅಲ್ಲಿಗೇ ಬಿಡಬೇಡಿ. ಟಾರ್ಚ್ ಹಾಕಿ ಬ್ಲೋವರ್ ಚಕ್ರದ ರೆಕ್ಕೆ ನೋಡಿ. ಮನೆಯವರು ಫಿಲ್ಟರ್ ತೊಳೆಯುತ್ತಾರೆ, ಬ್ಲೋವರ್ ಯಾರೂ ಮುಟ್ಟುವುದಿಲ್ಲ. ರೆಕ್ಕೆಗಳ ನಡುವೆ ಧೂಳು ಮೆತ್ತಿಕೊಂಡರೆ ಚಕ್ರ ತಿರುಗಿದರೂ ಗಾಳಿ ತಳ್ಳುವುದಿಲ್ಲ.

ಆಮೇಲೆ ಔಟ್‌ಡೋರ್‌ನ ಹಿಂಭಾಗ. ಮಂಡಕ್ಕಿ ಭಟ್ಟಿಗಳ ಆಸುಪಾಸಿನ ಮನೆಗಳಲ್ಲಿ ಕಂಡೆನ್ಸರ್ ರೆಕ್ಕೆಗಳ ಮೇಲೆ ಮಸಿ, ಹೊಟ್ಟು ಸೇರಿ ಕರಿ ಪದರ ಕಟ್ಟುತ್ತದೆ. ಚಿತ್ರದುರ್ಗದ ಕಡೆ ಕೆಂಧೂಳು. ಎರಡೂ ಒಂದೇ ಕೆಲಸ ಮಾಡುತ್ತವೆ, ಬಿಸಿ ಹೊರಗೆ ಹೋಗದಂತೆ ತಡೆಯುತ್ತವೆ. ಕೊಳಕು ಕಾಯಿಲ್ ಮೇಲೆ ತೆಗೆದ ಯಾವ ಅಂಕಿಯೂ ಗ್ಯಾಸಿನ ಬಗ್ಗೆ ಸರಿಯಾದ ಮಾತು ಹೇಳುವುದಿಲ್ಲ. ಮೊದಲು ತೊಳೆಯಿರಿ, ಆಮೇಲೆ ಅಳೆಯಿರಿ. ಗಿರಾಕಿಗೆ ಅವಸರ ಇದ್ದರೂ ಈ ಕ್ರಮ ಬಿಡಬೇಡಿ.

ಆರ್32 ಹೊತ್ತಿಕೊಳ್ಳುವ ಗ್ಯಾಸು. ಹತ್ತಿರ ದೀಪ, ಬೀಡಿ, ಊದುಬತ್ತಿ ಇರಬಾರದು. ಗ್ಯಾಸ್ ಒಳಗಿರುವಾಗ ಟಾರ್ಚ್ ಹಚ್ಚಿ ಬೆಸುಗೆ ಹಾಕಲೇಬಾರದು. ಹೋಸ್ ಮತ್ತು ಗೇಜು ಆರ್32ರ ಪ್ರೆಶರ್ ತಡೆಯುವಂಥದ್ದೇ ಆಗಿರಲಿ. ಹಳೆ ಆರ್22 ಸೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ ಸುಧಾರಿಸುವ ಅಭ್ಯಾಸ ಬೇಡ.

ಸೂಪರ್‌ಹೀಟ್ ಅಳೆಯುವ ಬಗೆ

ಎಸಿಯನ್ನು 16 ಡಿಗ್ರಿಗೆ ಇಟ್ಟು, ಫ್ಯಾನು ಹೈ ಮಾಡಿ, ಬಾಗಿಲು ಹಾಕಿ ಕನಿಷ್ಠ 15 ನಿಮಿಷ ಓಡಿಸಿ. ನಡುವೆ ಕಂಪ್ರೆಸರ್ ಕಟ್ ಆದರೆ ಮತ್ತೆ ಮೊದಲಿಂದ. ಅವಸರದಲ್ಲಿ ಐದೇ ನಿಮಿಷಕ್ಕೆ ಓದಿದರೆ ಇನ್ನೂ ನೆಲೆ ನಿಲ್ಲದ ಅಂಕಿ ಸಿಗುತ್ತದೆ.

ಔಟ್‌ಡೋರ್‌ನ ದಪ್ಪ ಪೈಪಿನ ಸರ್ವಿಸ್ ಪೋರ್ಟಿಗೆ ಗೇಜ್ ಹಾಕಿ. ಅದೇ ಪೈಪಿನ ಮೇಲೆ ವಾಲ್ವಿನಿಂದ ಒಂದು ಗೇಣು ಈಚೆಗೆ ಇನ್ಸುಲೇಷನ್ ಸರಿಸಿ, ತಾಮ್ರವನ್ನು ಬಟ್ಟೆಯಿಂದ ಒರೆಸಿ ಪ್ರೋಬ್ ಕಚ್ಚಿಸಿ. ಅದರ ಮೇಲೆ ಮತ್ತೆ ಇನ್ಸುಲೇಷನ್ ಸುತ್ತಿ. ಸುತ್ತದಿದ್ದರೆ ಮಧ್ಯಾಹ್ನದ 38 ಡಿಗ್ರಿ ಗಾಳಿ ಪ್ರೋಬಿಗೆ ಬಡಿದು ಎರಡು ಮೂರು ಡಿಗ್ರಿ ಜಾಸ್ತಿ ತೋರಿಸುತ್ತದೆ. ಲೇಸರ್ ಬಿಡುವ ಗನ್ ಥರ್ಮಾಮೀಟರ್ ಇಲ್ಲಿ ಬೇಡ. ಹೊಳೆಯುವ ತಾಮ್ರದ ಮೇಲೆ ಅದು ಪೈಪಿನ ಬಿಸಿ ಬಿಟ್ಟು ಸುತ್ತಲಿನ ಗೋಡೆಯ ಬಿಸಿಯನ್ನೇ ಹೆಚ್ಚಾಗಿ ಓದುತ್ತದೆ.

ಈಗ ಗೇಜಿನ ಪ್ರೆಶರನ್ನು ಡಿಗ್ರಿಗೆ ತಿರುಗಿಸಿ. ಪೈಪಿನ ಡಿಗ್ರಿಯಿಂದ ಅದನ್ನು ಕಳೆಯಿರಿ. 123 ಪಿಎಸ್‌ಐ ಅಂದರೆ 5 ಡಿಗ್ರಿ, ಪೈಪು 12 ಡಿಗ್ರಿ ಇದ್ದರೆ ಸೂಪರ್‌ಹೀಟ್ 7.

ಚಾರ್ಟುಗಳೆಲ್ಲ ಸಮುದ್ರಮಟ್ಟದ ಲೆಕ್ಕ. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ ಇನ್ನೂ ಮೇಲೆ. ಇಲ್ಲಿ ಗಾಳಿಯ ಒತ್ತಡ ಕಮ್ಮಿ ಇರುವುದರಿಂದ ಗೇಜು ಸುಮಾರು ಒಂದು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಆರ್32ಗೆ ಅದು ಕಾಲು ಡಿಗ್ರಿ. ತಲೆ ಕೆಡಿಸಿಕೊಳ್ಳಬೇಡಿ.

7 ಸರಿಯೋ ತಪ್ಪೋ?

ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಕ್ಯಾಪಿಲರಿ ಒಂದು ಸಣ್ಣ ತೂತು ಇದ್ದ ಹಾಗೆ, ಅದು ತಾನಾಗಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹೊರಗೆ ಬಿಸಿಲು ಏರಿದರೆ ಕಂಡೆನ್ಸರ್ ಕಡೆ ಪ್ರೆಶರ್ ಏರಿ ಕಾಯಿಲ್‌ಗೆ ಹೆಚ್ಚು ದ್ರವ ನುಗ್ಗುತ್ತದೆ, ಸೂಪರ್‌ಹೀಟ್ ಇಳಿಯುತ್ತದೆ. ರೂಮಿನ ಗಾಳಿಯಲ್ಲಿ ಬಿಸಿ, ತೇವ ಹೆಚ್ಚಿದ್ದರೆ ಕಾಯಿಲ್‌ನಲ್ಲಿ ಬೇಗ ಕುದಿದು ಮುಗಿಯುತ್ತದೆ, ಸೂಪರ್‌ಹೀಟ್ ಏರುತ್ತದೆ. ಆದ್ದರಿಂದ ಗುರಿಯ ಅಂಕಿ ದಿನದಿಂದ ದಿನಕ್ಕೆ ಬೇರೆ. ಕ್ಯಾಪಿಲರಿಯಂಥ ಬದಲಾಗದ ತೂತಿನ ಮೆಷಿನ್‌ಗಳಿಗೆ ಟೆಕ್ನೀಷಿಯನ್‌ಗಳು ಬಳಸುವ ಸೂತ್ರ ಒಂದಿದೆ. ಮೂಲದಲ್ಲಿ ಅದು ಫ್ಯಾರನ್‌ಹೀಟ್ ಲೆಕ್ಕ. ಸೆಲ್ಸಿಯಸ್‌ಗೆ ತಿರುಗಿಸಿದರೆ ಹೀಗೆ ಬರುತ್ತದೆ:

```
ಗುರಿ ಸೂಪರ್‌ಹೀಟ್ = (3 × ಒಳಗಿನ ವೆಟ್ ಬಲ್ಬ್ − ಹೊರಗಿನ ಉಷ್ಣಾಂಶ − 9) ÷ 2
```

ವೆಟ್ ಬಲ್ಬ್ ಅಂದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಡಿಗ್ರಿ. ಇನ್‌ಡೋರ್ ಗಾಳಿ ಎಳೆದುಕೊಳ್ಳುವ ಮೇಲ್ಭಾಗದಲ್ಲಿ ಅಳೆಯಬೇಕು. ಡಿಜಿಟಲ್ ಮೀಟರ್ ಇಲ್ಲದಿದ್ದರೆ ಪ್ರೋಬ್ ತುದಿಗೆ ತೆಳ್ಳಗಿನ ಹತ್ತಿ ಬಟ್ಟೆ ಸುತ್ತಿ, ರೂಮಿನಷ್ಟೇ ಬಿಸಿಯಿರುವ ನೀರಲ್ಲಿ ಅದ್ದಿ ಅಲ್ಲಿ ಹಿಡಿಯಿರಿ. ಅಂಕಿ ಇಳಿಯುತ್ತಾ ಬಂದು ಒಂದು ಕಡೆ ನಿಲ್ಲುತ್ತದೆ. ಅದೇ ವೆಟ್ ಬಲ್ಬ್. ಹೊರಗಿನ ಉಷ್ಣಾಂಶವನ್ನು ಔಟ್‌ಡೋರ್ ಗಾಳಿ ಎಳೆಯುವ ಹಿಂಬದಿಯಲ್ಲಿ, ಪ್ರೋಬಿಗೆ ಬಿಸಿಲು ಬೀಳದಂತೆ ಅಳೆಯಿರಿ. ಫೋನಿನಲ್ಲಿ ಕಾಣುವ ಊರಿನ ಉಷ್ಣಾಂಶ ಆಗುವುದಿಲ್ಲ. ತಾರಸಿಯ ಮೇಲಿನ ಗಾಳಿಯೇ ಬೇರೆ.

ಏಪ್ರಿಲ್‌ನ ಒಂದು ಮಧ್ಯಾಹ್ನ ಒಳಗೆ ವೆಟ್ ಬಲ್ಬ್ 19, ಹೊರಗೆ 37 ಇದ್ದರೆ ಗುರಿ ಐದೂವರೆ. ಜುಲೈನಲ್ಲಿ ಮಳೆ ಹಿಡಿದಾಗ ವೆಟ್ ಬಲ್ಬ್ 22, ಹೊರಗೆ 27 ಇದ್ದರೆ ಅದೇ ಮೆಷಿನ್‌ನ ಗುರಿ 15. ವ್ಯತ್ಯಾಸ ನೋಡಿದಿರಾ? ಜುಲೈನಲ್ಲಿ 15 ಕಂಡು "ಗ್ಯಾಸ್ ಕಮ್ಮಿ" ಅಂತ ತುಂಬಿಸಿದವನ ಮೆಷಿನ್ ಏಪ್ರಿಲ್‌ನಲ್ಲಿ ದ್ರವ ನುಂಗುತ್ತದೆ. ಬೇಸಿಗೆಯಲ್ಲಿ ಕಂಪ್ರೆಸರ್ ಹೋದರೆ ಬಿಸಿಲನ್ನು ಬೈಯುತ್ತಾರೆ. ಕೆಟ್ಟ ಕೆಲಸ ನಡೆದದ್ದು ಮಳೆಗಾಲದಲ್ಲಿ.

ಗುರಿಯಿಂದ ಸುಮಾರು 3 ಡಿಗ್ರಿ ಆಚೀಚೆ ಇದ್ದರೆ ಗ್ಯಾಸ್ ಮುಟ್ಟಬೇಡಿ. ಇನ್ನೊಂದು ಮಿತಿಯೂ ಇದೆ. ಹೊರಗೆ 39, ಒಳಗೆ ಒಣ ಗಾಳಿಯಿಂದ ವೆಟ್ ಬಲ್ಬ್ 18 ಆದರೆ ಸೂತ್ರ ಕೊಡುವ ಗುರಿ 3. ಗುರಿ 3ಕ್ಕೆ ಅಥವಾ ಅದಕ್ಕಿಂತ ಕೆಳಗೆ ಬಂದಾಗ ಈ ರೀತಿಯಲ್ಲಿ ಗ್ಯಾಸ್ ಹಾಕುವುದು ಅಪಾಯ. ಅಳೆಯುವ ತಪ್ಪೇ ಅಷ್ಟಿರುತ್ತದೆ. ಸಂಜೆ ಹೋಗಿ, ಇಲ್ಲವೇ ಗ್ಯಾಸನ್ನು ತೂಗಿ ಹಾಕುವ ದಾರಿ ಹಿಡಿಯಿರಿ. ಸೂತ್ರ ಹುಟ್ಟಿದ್ದು ಡಕ್ಟೆಡ್ ಮೆಷಿನ್‌ಗಳಿಗೆ ಎಂಬುದೂ ನೆನಪಿರಲಿ. ಗೋಡೆ ಸ್ಪ್ಲಿಟ್‌ಗೆ ಅದು ದಿಕ್ಕು ತೋರಿಸುತ್ತದೆ. ಕೊನೆಯ ಮಾತು ಯಾವಾಗಲೂ ಔಟ್‌ಡೋರ್ ಪ್ಲೇಟಿನ ಮೇಲೆ ಬರೆದ ಗ್ರಾಮಿನದ್ದು.

ವಿದ್ಯಾನಗರದ ಒಂದು ಮನೆಯ ಲೆಕ್ಕ

ಒಂದೂವರೆ ಟನ್ನಿನ ಆರ್32 ನಾನ್‌ಇನ್ವರ್ಟರ್ ಸ್ಪ್ಲಿಟ್. ಔಟ್‌ಡೋರ್ ತಾರಸಿ ಮೇಲೆ. ಮಧ್ಯಾಹ್ನ ಮೂರರ ಹೊತ್ತು, ಹೊರಗೆ 37. ರೂಮು 27, ವೆಟ್ ಬಲ್ಬ್ 19. ಗುರಿ ಐದೂವರೆ.

ಗೇಜಿನಲ್ಲಿ 103 ಪಿಎಸ್‌ಐ. ಬಹಳ ಜನ ಇಲ್ಲೇ ಸಿಲಿಂಡರ್ ಎತ್ತಿಕೊಳ್ಳುತ್ತಾರೆ. 103 ಅಂದರೆ 0 ಡಿಗ್ರಿ. ದಪ್ಪ ಪೈಪು 4 ಡಿಗ್ರಿ. ಸೂಪರ್‌ಹೀಟ್ 4. ಗುರಿಯ ಪಕ್ಕದಲ್ಲೇ ಇದೆ, ಅಲ್ವಾ? ಪ್ರೆಶರ್ ಇಷ್ಟು ಇಳಿಯುವಷ್ಟು ಗ್ಯಾಸ್ ಕಮ್ಮಿಯಾಗಿದ್ದರೆ ಸೂಪರ್‌ಹೀಟ್ 15 ದಾಟಿರಬೇಕಿತ್ತು. ಪ್ರೆಶರ್ ಕೆಳಗೆ, ಸೂಪರ್‌ಹೀಟೂ ಕೆಳಗೆ ಅಂದರೆ ಕಾಯಿಲ್‌ಗೆ ಬಿಸಿ ತಲುಪುತ್ತಿಲ್ಲ ಎಂದು ಅರ್ಥ. ಇನ್‌ಡೋರ್ ಬಾಯಿಗೆ ಪ್ರೋಬ್ ಹಿಡಿದರೆ ಗಾಳಿ 9 ಡಿಗ್ರಿ, ಚೆನ್ನಾಗಿ ತಣ್ಣಗಿದೆ. ಆದರೆ ಮಂಚದ ತನಕ ಬರುತ್ತಿಲ್ಲ. ಒಳ ಹೋಗುವ ಗಾಳಿಗೂ ಹೊರ ಬರುವ ಗಾಳಿಗೂ 18 ಡಿಗ್ರಿ ವ್ಯತ್ಯಾಸ. ಗಾಳಿ ಸರಿಯಾಗಿ ಓಡುವಾಗ ಇಷ್ಟು ವ್ಯತ್ಯಾಸ ಬರುವುದಿಲ್ಲ, ಹತ್ತು ಹನ್ನೆರಡರ ಸುತ್ತ ಇರುತ್ತದೆ.

"ಫಿಲ್ಟರ್ ಮೊನ್ನೆಯಷ್ಟೇ ತೊಳ್ದೀನ್ರಿ" ಎಂದರು ಮನೆಯ ಯಜಮಾನರು. ನಿಜವೇ, ಫಿಲ್ಟರ್ ಚೊಕ್ಕ ಇತ್ತು. ಬ್ಲೋವರ್ ರೆಕ್ಕೆಗಳಲ್ಲಿ ಮಾತ್ರ ಬೆರಳು ತೂರಿದರೆ ಬೂದು ಬಣ್ಣದ ಧೂಳಿನ ಗಟ್ಟಿ ಬಂತು. ಕೆಳಗೆ ಚೀಲ ಕಟ್ಟಿ, ಜೆಟ್ ಪಂಪಿನಿಂದ ಬ್ಲೋವರ್ ಮತ್ತು ಕಾಯಿಲ್ ತೊಳೆದದ್ದಾಯಿತು. ಹಿಂದೆಯೇ ಕಂಡೆನ್ಸರ್ ಕೂಡ.

ಮತ್ತೆ 20 ನಿಮಿಷ ಓಡಿಸಿ ಅಳೆದರೆ 128 ಪಿಎಸ್‌ಐ, ಅಂದರೆ 6 ಡಿಗ್ರಿ. ಬರೀ ಪ್ರೆಶರ್ ನೋಡುವವರಿಗೆ ಕೆಲಸ ಮುಗಿಯಿತು ಅನ್ನಿಸುತ್ತದೆ. ದಪ್ಪ ಪೈಪು 18 ಡಿಗ್ರಿ. ಸೂಪರ್‌ಹೀಟ್ 12! ಗುರಿಗಿಂತ ಆರೂವರೆ ಜಾಸ್ತಿ. ಧೂಳು ಇಷ್ಟು ದಿನ ಇನ್ನೊಂದು ರೋಗವನ್ನು ಮುಚ್ಚಿಟ್ಟಿತ್ತು. ಬ್ಲೋವರ್ ಕಟ್ಟಿಕೊಂಡು ಸೂಪರ್‌ಹೀಟನ್ನು ಕೆಳಗೆ ಎಳೆಯುತ್ತಿತ್ತು, ಗ್ಯಾಸ್ ಕೊರತೆ ಮೇಲಕ್ಕೆ ಎಳೆಯುತ್ತಿತ್ತು. ಎರಡೂ ಸೇರಿ ಅಂಕಿ ಸರಿ ಇದ್ದಂತೆ ಕಂಡಿತ್ತು.

ಆದರೂ ತಕ್ಷಣ ಗ್ಯಾಸ್ ಅನ್ನಬಾರದು. ತಾರಸಿಯ ಮೇಲೆ ಎರಡು ಮೂರು ಮೀಟರ್ ಪೈಪು ಬಿಸಿಲಲ್ಲೇ ಹಾದುಹೋಗಿತ್ತು. ಇನ್ಸುಲೇಷನ್ ಬಿಸಿಲಿಗೆ ಪುಡಿಯಾಗಿ, ಅಳಿಲು ಕಿತ್ತು, ತಾಮ್ರ ಕಾಣುತ್ತಿತ್ತು. ಬಿಸಿಲು ಪೈಪಿಗೆ ಕೊಟ್ಟ ಬಿಸಿಯೂ ಸೂಪರ್‌ಹೀಟ್‌ನಲ್ಲಿ ಸೇರಿಕೊಳ್ಳುತ್ತದೆ. ಅದೆಷ್ಟು ಅಂತ ತಿಳಿಯಲು ಇನ್‌ಡೋರ್ ಹಿಂದಿನ ದಪ್ಪ ಪೈಪಿನ ಮೇಲೂ ಪ್ರೋಬ್ ಹಾಕಿದಾಗ 16 ಡಿಗ್ರಿ ಬಂತು. ಅಂದರೆ 2 ಡಿಗ್ರಿ ಬಿಸಿಲಿನ ಪಾಲು. ಅದನ್ನು ಕಳೆದರೂ 10 ಉಳಿಯಿತು. ಗ್ಯಾಸ್ ಕಮ್ಮಿ ಇರುವುದು ಈಗ ಖಾತ್ರಿ.

ಗ್ಯಾಸು ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ. ಕಮ್ಮಿಯಾಗಿದ್ದರೆ ಎಲ್ಲೋ ಲೀಕ್ ಇದೆ. ಇನ್‌ಡೋರ್ ಹಿಂದಿನ ಫ್ಲೇರ್ ನಟ್ ಸುತ್ತ ಆಯಿಲ್ ಜಿಡ್ಡು ಕಾಣಿಸಿತು. ಸೋಪಿನ ನೀರು ಹಚ್ಚಿದಾಗ ನಿಧಾನವಾಗಿ ಗುಳ್ಳೆ ಎದ್ದವು. ಉಳಿದ ಗ್ಯಾಸನ್ನು ರಿಕವರಿ ಸಿಲಿಂಡರಿಗೆ ಎಳೆದು ತೂಗಿದರೆ 790 ಗ್ರಾಂ. ಪ್ಲೇಟಿನ ಮೇಲೆ ಬರೆದದ್ದು 950. ಸೂಪರ್‌ಹೀಟ್ ಹೇಳಿದ್ದನ್ನೇ ತಕ್ಕಡಿಯೂ ಹೇಳಿತು.

ಫ್ಲೇರ್ ಕತ್ತರಿಸಿ ಹೊಸದಾಗಿ ಮಾಡಿ, ಟಾರ್ಕ್ ಸ್ಪ್ಯಾನರ್‌ನಿಂದ ಬಿಗಿದು, ನೈಟ್ರೋಜನ್ ತುಂಬಿ ಲೀಕ್ ಇಲ್ಲವೆಂದು ನೋಡಿ, ವ್ಯಾಕ್ಯೂಮ್ 500 ಮೈಕ್ರಾನ್‌ಗಿಂತ ಕೆಳಗಿಳಿದು ಅಲ್ಲೇ ನಿಲ್ಲುವುದನ್ನು ಕಾದು, ತೂಕದ ಮೇಲೆ 950 ಗ್ರಾಂ ಬಿಟ್ಟದ್ದಾಯಿತು. ಪೈಪು ಕಂಪನಿ ಹೇಳಿದ ಅಳತೆಯೊಳಗೇ ಇತ್ತು. ಉದ್ದ ಜಾಸ್ತಿ ಇದ್ದರೆ ಮೀಟರಿಗೆ ಎಷ್ಟು ಗ್ರಾಂ ಸೇರಿಸಬೇಕು ಎನ್ನುವುದು ಇನ್‌ಸ್ಟಾಲೇಷನ್ ಪುಸ್ತಕದಲ್ಲಿರುತ್ತದೆ. ತಾರಸಿಯ ಪೈಪಿಗೆ ಹೊಸ ಇನ್ಸುಲೇಷನ್ ಹಾಕಿ, ಬಿಸಿಲು ತಾಗದಂತೆ ಮೇಲೆ ಟೇಪ್ ಸುತ್ತಲಾಯಿತು.

ಸಂಜೆ ಹೊತ್ತಿಗೆ ಹೊರಗೆ 36, ಒಳಗೆ ವೆಟ್ ಬಲ್ಬ್ ಹದಿನೆಂಟೂವರೆ. ಗುರಿಯನ್ನು ಮತ್ತೆ ಲೆಕ್ಕ ಹಾಕಿದರೆ ಐದು ಕಾಲು. ಮಧ್ಯಾಹ್ನದ ಗುರಿ ಸಂಜೆಗೆ ಬಳಸಬೇಡಿ. ಗೇಜು 132, ಅಂದರೆ 7 ಡಿಗ್ರಿ. ಪೈಪು 13. ಸೂಪರ್‌ಹೀಟ್ 6.

ಒಂದು ಮಾತು. ಮೊದಲ 103ರಲ್ಲೇ ಗ್ಯಾಸ್ ತುಂಬಿ 130ಕ್ಕೆ ತಂದಿದ್ದರೆ ಏನಾಗುತ್ತಿತ್ತು? ಬ್ಲೋವರ್ ಕಟ್ಟಿಕೊಂಡಿರುವಾಗ ಪ್ರೆಶರ್ ಏರಿಸಲು ಬೇಕಾದ್ದಕ್ಕಿಂತ ಬಹಳ ಜಾಸ್ತಿ ಗ್ಯಾಸ್ ಹೋಗುತ್ತಿತ್ತು. ಸೂಪರ್‌ಹೀಟ್ ಸೊನ್ನೆಗೆ ಬಿದ್ದು ದ್ರವ ನೇರ ಕಂಪ್ರೆಸರ್‌ಗೆ ಬರುತ್ತಿತ್ತು. ಗಾಳಿ ಮಾತ್ರ ಮಂಚದ ತನಕ ಬರುತ್ತಲೇ ಇರಲಿಲ್ಲ.

ಲೀಕ್ ಮುಚ್ಚಿದ ಮೇಲೂ ಪೂರ್ತಿ ಖಾಲಿ ಮಾಡಿ ತೂಗುವ ಅನುಕೂಲ ಇಲ್ಲದ ಕಡೆ ಸ್ವಲ್ಪ ಸ್ವಲ್ಪವೇ ಸೇರಿಸುವುದುಂಟು. ಆರ್32 ಒಂದೇ ವಸ್ತುವಿನ ಗ್ಯಾಸು, ಟಾಪ್‌ಅಪ್ ಮಾಡಬಹುದು. ಆಗಲೂ ಸಿಲಿಂಡರ್ ತಕ್ಕಡಿಯ ಮೇಲೇ ಇರಲಿ. ಒಂದು ಸಲಕ್ಕೆ 40 ಗ್ರಾಂ ಆಸುಪಾಸು ಬಿಟ್ಟು, ಹತ್ತು ನಿಮಿಷ ಕಾದು ಮತ್ತೆ ಓದಿ. ಮುಳ್ಳು ಕೂಡಲೇ ಏರುತ್ತದೆ, ಪೈಪಿನ ಡಿಗ್ರಿ ನಿಧಾನಕ್ಕೆ ಇಳಿಯುತ್ತದೆ. ಕಾಯದವನು ಯಾವಾಗಲೂ ಜಾಸ್ತಿ ಹಾಕುತ್ತಾನೆ.

ಸಬ್‌ಕೂಲಿಂಗ್ ಬೇಕಾಗುವ ಕಡೆ

ಡಕ್ಟೆಡ್ ಮೆಷಿನ್‌ಗಳ ಎಕ್ಸ್‌ಪಾನ್ಷನ್ ವಾಲ್ವ್ ಕ್ಯಾಪಿಲರಿಯಂತೆ ಅಲ್ಲ. ಅದು ಸೂಪರ್‌ಹೀಟನ್ನು ತಾನೇ ನೋಡಿಕೊಂಡು ಬಾಯಿ ತೆರೆದು ಮುಚ್ಚುತ್ತದೆ. ಗ್ಯಾಸ್ ಸ್ವಲ್ಪ ಕಮ್ಮಿಯಾದರೂ ಬಾಯಿ ಅಗಲ ಮಾಡಿ ಸೂಪರ್‌ಹೀಟ್ ಸರಿ ಇರುವಂತೆ ನೋಡಿಕೊಳ್ಳುತ್ತದೆ. ಹಾಗಾಗಿ ಅಲ್ಲಿ ಕೊರತೆ ಮೊದಲು ಕಾಣುವುದು ಕಂಡೆನ್ಸರ್ ಕಡೆ.

ಸಣ್ಣ ಪೈಪಿನ ಪೋರ್ಟಿಗೆ ಕೆಂಪು ಗೇಜು, ಅದರ ಪಕ್ಕದಲ್ಲೇ ಪ್ರೋಬು. ಪ್ರೆಶರ್‌ನಿಂದ ಬಂದ ಡಿಗ್ರಿಯಿಂದ ಪೈಪಿನ ಡಿಗ್ರಿ ಕಳೆಯಿರಿ. ಇಲ್ಲಿ ಪೈಪು ಕೆಳಗಿನ ಅಂಕಿ. ಗುರಿ ಔಟ್‌ಡೋರ್ ಪ್ಲೇಟಿನ ಮೇಲೆ ಅಥವಾ ಪುಸ್ತಕದಲ್ಲಿರುತ್ತದೆ, ಹೆಚ್ಚಾಗಿ 5ರಿಂದ 7 ಡಿಗ್ರಿ ನಡುವೆ.

ಒಂದು ಬಟ್ಟೆ ಅಂಗಡಿಯ ಆರ್410ಎ ಮೆಷಿನ್ ಎಂದುಕೊಳ್ಳಿ. ಕೆಂಪು ಗೇಜಿನಲ್ಲಿ 391, ಅಂದರೆ 46 ಡಿಗ್ರಿ. ಪೈಪು ನಲವತ್ತನಾಲ್ಕೂವರೆ. ಸಬ್‌ಕೂಲಿಂಗ್ ಒಂದೂವರೆ ಮಾತ್ರ. ಆ ಕಡೆ ಸೂಪರ್‌ಹೀಟ್ 14. ಕಂಡೆನ್ಸರ್‌ನಲ್ಲಿ ದ್ರವ ಇಲ್ಲ, ಕಾಯಿಲ್‌ನಲ್ಲೂ ಇಲ್ಲ. ಎರಡೂ ಕಡೆ ಕೊರತೆ ಇದ್ದರೆ ಗ್ಯಾಸ್ ಕಮ್ಮಿ.

ಅದೇ ಸೂಪರ್‌ಹೀಟ್ 14 ಇದ್ದು, ಸಬ್‌ಕೂಲಿಂಗ್ 11 ಇದ್ದರೆ? ದ್ರವ ಇದೆ, ಕಂಡೆನ್ಸರ್‌ನಲ್ಲಿ ಬೇಕಾದಷ್ಟು ನಿಂತಿದೆ. ಕಾಯಿಲ್‌ಗೆ ಮಾತ್ರ ತಲುಪುತ್ತಿಲ್ಲ. ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದೆ. ಗ್ಯಾಸಿನ ತೇವ ಹೀರುವ ಡ್ರೈಯರ್‌ನ ಎರಡೂ ಬದಿ ಪ್ರೋಬ್ ಹಾಕಿ ನೋಡಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಎರಡು ಮೂರು ಡಿಗ್ರಿ ಇಳಿದಿದ್ದರೆ ಅದೇ ಚೋಕ್. ಇಲ್ಲದಿದ್ದರೆ ವಾಲ್ವಿನ ಮೇಲೆ ಅನುಮಾನ ಪಡಿ. ಇಂಥ ಮೆಷಿನ್‌ಗೆ ಗ್ಯಾಸ್ ಹಾಕಿದರೆ ಕಂಡೆನ್ಸರ್ ಕಡೆಯ ಪ್ರೆಶರ್, ಅಂದರೆ ಹೆಡ್ ಪ್ರೆಶರ್ ಏರುತ್ತದೆ, ಕರೆಂಟ್ ಬಿಲ್ಲು ಏರುತ್ತದೆ, ಕೂಲಿಂಗ್ ಏರುವುದಿಲ್ಲ. ಸೂಪರ್‌ಹೀಟ್ ಸರಿಯಿದ್ದು ಸಬ್‌ಕೂಲಿಂಗ್, ಹೆಡ್ ಪ್ರೆಶರ್ ಎರಡೂ ಜಾಸ್ತಿ ಇದ್ದರೆ ಗ್ಯಾಸ್ ಜಾಸ್ತಿಯಾಗಿದೆ, ಸ್ವಲ್ಪ ರಿಕವರ್ ಮಾಡಿ.

ಗೋಡೆ ಸ್ಪ್ಲಿಟ್‌ನಲ್ಲೂ ಸಬ್‌ಕೂಲಿಂಗ್ ಅಂದಾಜು ಮಾಡುವ ಒಂದು ಉಪಾಯ ಇದೆ. ಮೇನ್ ಆಫ್ ಮಾಡಿ ಔಟ್‌ಡೋರ್ ಮುಚ್ಚಳ ತೆಗೆಯಿರಿ. ಕಂಡೆನ್ಸರ್‌ನ ನಡುಭಾಗದ ಒಂದು ಬಾಗಿದ ಪೈಪಿಗೆ ಒಂದು ಪ್ರೋಬ್, ಕಂಡೆನ್ಸರ್ ಮುಗಿದು ಕ್ಯಾಪಿಲರಿಗೆ ಹೋಗುವ ಮುಂಚಿನ ಪೈಪಿಗೆ ಇನ್ನೊಂದು. ವೈರುಗಳನ್ನು ಹೊರಗೆ ತಂದು ಮುಚ್ಚಳ ಮತ್ತೆ ಹಾಕಿ, ಮೆಷಿನ್ ಓಡಿಸಿ. ಮುಚ್ಚಳ ತೆಗೆದೇ ಓಡಿಸಿದರೆ ಗಾಳಿಯ ದಾರಿ ಬದಲಾಗಿ ಅಂಕಿ ಕೆಡುತ್ತದೆ. ನಡುಭಾಗದಲ್ಲಿ ಗ್ಯಾಸು ದ್ರವವಾಗುತ್ತಾ ಇರುವುದರಿಂದ ಅಲ್ಲಿನ ಡಿಗ್ರಿ ಹೆಚ್ಚು ಕಡಿಮೆ ಪ್ರೆಶರ್‌ಗೆ ಹೊಂದುವ ಡಿಗ್ರಿಯೇ. ಎರಡರ ವ್ಯತ್ಯಾಸ ಅಂದಾಜು ಸಬ್‌ಕೂಲಿಂಗ್. ಗೇಜಿನಷ್ಟು ನಿಖರ ಅಲ್ಲ. ಆದರೆ ಸೂಪರ್‌ಹೀಟ್ ಜಾಸ್ತಿ ಬಂದಾಗ ಗ್ಯಾಸ್ ಕಮ್ಮಿಯೋ ಕ್ಯಾಪಿಲರಿ ಕಟ್ಟಿದೆಯೋ ಎಂದು ಬಿಡಿಸಲು ಇಷ್ಟು ಸಾಕು.

ಇನ್ವರ್ಟರ್ ಬಂದರೆ

ಈಗ ಮಾರಾಟವಾಗುವ ಸ್ಪ್ಲಿಟ್‌ಗಳಲ್ಲಿ ಹೆಚ್ಚಿನವು ಇನ್ವರ್ಟರ್. ಇವುಗಳ ಕಂಪ್ರೆಸರ್ ವೇಗ ಕ್ಷಣಕ್ಷಣಕ್ಕೆ ಬದಲಾಗುತ್ತದೆ. ಪ್ರೆಶರ್ ಅದರ ಹಿಂದೆಯೇ ಏರಿಳಿಯುತ್ತದೆ. ನೀವು ಗೇಜ್ ಓದಿ ಪೈಪು ಓದುವಷ್ಟರಲ್ಲಿ ಮೆಷಿನ್ ಬೇರೆ ವೇಗಕ್ಕೆ ಹೋಗಿರುತ್ತದೆ. ಎಲೆಕ್ಟ್ರಾನಿಕ್ ವಾಲ್ವ್ ಇರುವ ಮಾಡೆಲ್ ಆದರೆ ಅದು ಕೊರತೆಯನ್ನು ಬಹಳ ಹೊತ್ತು ಮುಚ್ಚಿಡುತ್ತದೆ. ಸೂಪರ್‌ಹೀಟ್ ಚೆನ್ನಾಗಿ ಕಾಣುವಾಗಲೇ ಗ್ಯಾಸ್ ಗಣನೀಯವಾಗಿ ಕಮ್ಮಿಯಾಗಿರಬಹುದು.

ಸರ್ವಿಸ್ ಪುಸ್ತಕದಲ್ಲಿರುವ ಫೋರ್ಸ್ಡ್ ಕೂಲಿಂಗ್ ಮೋಡ್ ಹಾಕಿದರೆ ಕಂಪ್ರೆಸರ್ ಒಂದು ವೇಗದಲ್ಲಿ ನಿಲ್ಲುತ್ತದೆ. ಆಗ ತೆಗೆದ ಸೂಪರ್‌ಹೀಟ್ "ಏನೋ ಸರಿ ಇಲ್ಲ" ಎಂದು ಹೇಳುವಷ್ಟಕ್ಕೆ ಸಾಕು. ಎಷ್ಟು ಗ್ರಾಂ ಹಾಕಬೇಕು ಎಂದು ಹೇಳಲು ಸಾಲದು. ಮೇಲೆ ಕೊಟ್ಟ ಸೂತ್ರವನ್ನೂ ಇದಕ್ಕೆ ಹಚ್ಚಬೇಡಿ, ಅದು ಬದಲಾಗದ ವೇಗ ಮತ್ತು ಬದಲಾಗದ ತೂತಿನ ಲೆಕ್ಕ. ಇನ್ವರ್ಟರ್‌ಗೆ ಇರುವ ದಾರಿ ಒಂದೇ: ಲೀಕ್ ಹುಡುಕಿ ಮುಚ್ಚುವುದು, ಗ್ಯಾಸ್ ಪೂರ್ತಿ ರಿಕವರ್ ಮಾಡುವುದು, ವ್ಯಾಕ್ಯೂಮ್ ಮಾಡಿ ಪ್ಲೇಟಿನ ತೂಕ ಹಾಕುವುದು. ಗಿರಾಕಿಗೆ ಖರ್ಚು ಜಾಸ್ತಿ ಅನ್ನಿಸುತ್ತದೆ. ರಿಕವರ್ ಮಾಡಿದ ಗ್ಯಾಸನ್ನು ಅವರ ಎದುರಿಗೇ ತೂಗಿ ತೋರಿಸಿ, ಚರ್ಚೆ ಕಮ್ಮಿಯಾಗುತ್ತದೆ.

ಕೆಲಸ ಮುಗಿದ ಮೇಲೆ ಔಟ್‌ಡೋರ್ ಮುಚ್ಚಳದ ಒಳಬದಿಯಲ್ಲಿ ಮಾರ್ಕರ್‌ನಿಂದ ತಾರೀಖು, ಹೊರಗಿನ ಉಷ್ಣಾಂಶ, ವೆಟ್ ಬಲ್ಬ್, ಪ್ರೆಶರ್, ಪೈಪಿನ ಡಿಗ್ರಿ, ಹಾಕಿದ ಗ್ರಾಂ ಬರೆದಿಡಿ. ಪ್ರೆಶರ್ ಒಂದನ್ನೇ ಬರೆದರೆ ಮುಂದಿನ ವರ್ಷ ಬಂದವನಿಗೆ ಅದು ಏಪ್ರಿಲ್‌ನ ಅಂಕಿಯೋ ಜುಲೈನದ್ದೋ ತಿಳಿಯುವುದಿಲ್ಲ.